ನಡುವಿನವರನ್ನು ಹುಡುಕುವುದು: ಲಿಂಕ್ಡ್‌ಇನ್ ಪಟ್ಟಿ, ನನ್ನ ಶೀಟ್, ಅಥವಾ ಒಂದು ಫೋನ್?

ನಮಗೆ ಪರಿಚಯವಿಲ್ಲದ ಒಬ್ಬರನ್ನು ಭೇಟಿಯಾಗಬೇಕು ಅಂದುಕೊಳ್ಳಿ. ಅವರನ್ನೂ ನಮ್ಮನ್ನೂ ಬಲ್ಲ ಯಾರೋ ಒಬ್ಬರು ಎಷ್ಟೋ ಸಲ ನಡುವೆ ಇರುತ್ತಾರೆ. ಅವರು ಯಾರು ಅಂತ ಪತ್ತೆ ಮಾಡೋಕೆ ನಾನು ಮೂರು ವಿಧಾನ ಬಳಸಿ ನೋಡಿದ್ದೇನೆ: ಲಿಂಕ್ಡ್‌ಇನ್ ತೋರಿಸುವ ಪಟ್ಟಿ, ನಾನೇ ಮಾಡಿಕೊಂಡ ಎಕ್ಸೆಲ್ ಶೀಟ್, ಮತ್ತೆ ಫೋನ್ ಮಾಡಿ ಕೇಳುವುದು. ಮೂರನ್ನೂ ಒಂದೇ ಹುಡುಕಾಟದಲ್ಲಿ ಪಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಚೆನ್ನಾಗಿ ಕಂಡಿತು. ನಾನು ಭೇಟಿಯಾಗಬೇಕಿದ್ದವರು ಹಳೆ ಬ್ಯಾಟರಿಗಳ ಮರುಬಳಕೆ ಮಾಡುವ ಕಂಪನಿಯೊಂದರಲ್ಲಿ ಖರೀದಿ ವಿಭಾಗದ ಮುಖ್ಯಸ್ಥೆ. ಬೇಕಾಗಿದ್ದು ಅವರ ಅರ್ಧ ಗಂಟೆ.

ಮೊದಲು ಲಿಂಕ್ಡ್‌ಇನ್. ಅವರ ಹೆಸರಿನ ಪಕ್ಕ 2nd ಅಂತ ಇತ್ತು, ಅಂದರೆ ನನ್ನ ಪರಿಚಯದವರಿಗೆ ಪರಿಚಯದವರು. ಕೆಳಗೆ mutual connections ಒತ್ತಿದರೆ ಇಬ್ಬರಿಗೂ ಪರಿಚಯ ಇರುವವರ ಸಾಲು ಬಂತು. ಒಂದು ನಿಮಿಷದ ಕೆಲಸ, ದುಡ್ಡೂ ಇಲ್ಲ. ಆದರೆ ಆ ಸಾಲು ಹೇಳುವುದು ಇಷ್ಟೇ: ಇವರಿಬ್ಬರೂ ಯಾವತ್ತೋ ಒಂದು ದಿನ ಒಬ್ಬರ ಕೋರಿಕೆಯನ್ನು ಇನ್ನೊಬ್ಬರು ಒಪ್ಪಿಕೊಂಡಿದ್ದಾರೆ. ಆಮೇಲೆ ಮಾತಾಡಿದ್ದಾರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಸಾಲಿನಲ್ಲಿ ಕೆಲಸಕ್ಕೆ ಜನ ಹುಡುಕಿಕೊಡುವ ಒಬ್ಬರು ಇದ್ದರು, ಸಮ್ಮೇಳನ ನಡೆಸುವ ಒಬ್ಬರು ಇದ್ದರು. ಇಂಥವರು ಯಾರ ಪ್ರೊಫೈಲ್ ತೆಗೆದರೂ ಸಿಗುತ್ತಾರೆ. ಗುರುತಿಸುವುದು ಸುಲಭ: ಬೇರೆ ನಾಲ್ಕು ಅಪರಿಚಿತರ ಪುಟ ತೆರೆದು ನೋಡಿ, ಅಲ್ಲೂ ಅದೇ ಮುಖ ಕಂಡರೆ ಆ ಹೆಸರನ್ನು ಬಿಟ್ಟುಬಿಡಿ.

ಎರಡನೆಯದು ಶೀಟ್. ಲಿಂಕ್ಡ್‌ಇನ್ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಮಾಹಿತಿಯ ಪ್ರತಿ ಕೇಳಿದರೆ Connections.csv ಅನ್ನುವ ಫೈಲ್ ಕೊಡುತ್ತಾರೆ. ಅದರಲ್ಲಿ ಹೆಸರು, ಕಂಪನಿ, ಹುದ್ದೆ, ಪರಿಚಯವಾದ ದಿನಾಂಕ ಇರುತ್ತವೆ. ಇಮೇಲ್ ಕಾಲಂ ಬಹುಪಾಲು ಖಾಲಿ. ಮುಖ್ಯವಾದ ಕೊರತೆ ಏನೆಂದರೆ ಇದರಲ್ಲಿ ನಮ್ಮ ನೇರ ಪರಿಚಯದವರು ಮಾತ್ರ ಇರುತ್ತಾರೆ. ಅವರಿಗೆ ಯಾರು ಗೊತ್ತು ಅನ್ನುವುದು ಇರಲ್ಲ, ಅದನ್ನು ಕೈಯಾರೆ ತುಂಬಬೇಕು. ಬೇಸರದ ಕೆಲಸವೇ. ಆದರೂ ನಾನು ಯೋಚಿಸುವ ರೀತಿ ಬದಲಾಗಿದ್ದು ಈ ಶೀಟ್‌ನಿಂದಲೇ.

ಯಾಕೆಂದರೆ ಪ್ರತಿ ದಾರಿಗೂ ಎರಡು ತುಂಡು ಇವೆ: ನನ್ನಿಂದ ನಡುವಿನವರಿಗೆ ಒಂದು, ಅವರಿಂದ ಆ ವ್ಯಕ್ತಿಗೆ ಇನ್ನೊಂದು. ಎರಡಕ್ಕೂ 0ಯಿಂದ 5ರವರೆಗೆ ಅಂಕ ಕೊಟ್ಟೆ. ಕೂಡಿಸಲಿಲ್ಲ, ಯಾವುದು ಚಿಕ್ಕದೋ ಅದನ್ನೇ ದಾರಿಯ ಅಂಕ ಅಂತ ಇಟ್ಟುಕೊಂಡೆ:

```
=MIN(B2,C2)
```

ನನ್ನ ಹಳೆ ಬಾಸ್ ನನಗೆ ತುಂಬಾ ಹತ್ತಿರ, ಮೊದಲ ತುಂಡಿಗೆ 5. ಆದರೆ ಆ ಮುಖ್ಯಸ್ಥೆಯನ್ನು ಅವರು ಒಂದು ಸಮ್ಮೇಳನದಲ್ಲಿ ಕಂಡವರಷ್ಟೇ, ಎರಡನೇ ತುಂಡಿಗೆ 1. ದಾರಿಯ ಅಂಕ 1. ಇನ್ನೊಬ್ಬರು ಹಿಂದಿನ ಕಂಪನಿಯ ಸಹೋದ್ಯೋಗಿ. ವರ್ಷಕ್ಕೊಂದೆರಡು ಸಲ ಮೆಸೇಜ್ ಮಾಡುವಷ್ಟು ಪರಿಚಯ, 3. ಆದರೆ ಅವರು ಆಕೆಯ ಕೈಕೆಳಗೆ ಕೆಲಸ ಮಾಡಿದ್ದರು, 4. ದಾರಿಯ ಅಂಕ 3. ಕೂಡಿಸಿದ್ದರೆ 6 ಮತ್ತು 7, ಹೆಚ್ಚುಕಮ್ಮಿ ಸಮ ಅನಿಸುತ್ತಿತ್ತು. ಆದರೆ ನಡುವಿನವರ ಮಾತಿಗೆ ಆಕೆ ಬೆಲೆ ಕೊಡದಿದ್ದರೆ, ಅವರು ನನ್ನನ್ನು ಎಷ್ಟೇ ಹೊಗಳಿದರೂ ಏನು ಪ್ರಯೋಜನ, ಅಲ್ವಾ?

ನನ್ನ ಕಡೆಯ ತುಂಡು 3 ಇದ್ದರೆ ಸಾಕಾ ಅಂತ ಅನುಮಾನ ಬರಬಹುದು. ಸಾಕು ಅಂತ ನನ್ನ ಅಭಿಪ್ರಾಯ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದ ಲೆಕ್ಕ ಕೊಟ್ಟಿದ್ದಾರೆ. ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಅಂದವರು ಶೇ. 16.7. ಅದಕ್ಕಿಂತ ಕಡಿಮೆ, ಆದರೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಅಂದವರು ಶೇ. 55.6. ಅದು ಕೆಲಸ ಸಿಕ್ಕ ಲೆಕ್ಕ, ಭೇಟಿಯದ್ದಲ್ಲ. ಆದರೂ ಕಾರಣ ಇಲ್ಲಿಗೂ ಹೊಂದುತ್ತದೆ: ನಮ್ಮ ತೀರಾ ಆಪ್ತರಿಗೆ ಗೊತ್ತಿರುವವರು ಹೆಚ್ಚಾಗಿ ನಮಗೂ ಗೊತ್ತಿರುತ್ತಾರೆ.

ಎರಡನೇ ತುಂಡಿಗೆ ಅಂಕ ಕೊಡುವುದೇ ಕಷ್ಟ, ನಾವು ಅಲ್ಲಿ ಇರಲಿಲ್ಲವಲ್ಲ. ನಾನು ನೋಡುವುದು ಇಬ್ಬರೂ ಒಂದೇ ಕಡೆ ಒಂದೇ ಅವಧಿಯಲ್ಲಿ ಇದ್ದರಾ ಅಂತ. ಸಾವಿರಾರು ಜನರ ಕಂಪನಿಯಾದರೆ ಅದಕ್ಕೆ ಅರ್ಥವಿಲ್ಲ. ಮೂವತ್ತು ಜನರದ್ದಾದರೆ ಒಬ್ಬರನ್ನೊಬ್ಬರು ಬಲ್ಲರು ಅಂತ ಧೈರ್ಯವಾಗಿ ಬರೆಯಬಹುದು. ಇನ್ನೂ ಗಟ್ಟಿ ಸುಳಿವು ಪ್ರೊಫೈಲ್‌ನ ಕೆಳಭಾಗದ recommendations. ಯಾರು ಯಾರ ಬಗ್ಗೆ ಬರೆದಿದ್ದಾರೆ, ಆಗ ಅವರ ಸಂಬಂಧ ಏನಿತ್ತು ಅಂತ ಅಲ್ಲೇ ಇರುತ್ತದೆ. ಜನ ಅಷ್ಟು ಕೆಳಗೆ ಹೋಗಿ ನೋಡುವುದೇ ಇಲ್ಲ. ನನ್ನ ಸಹೋದ್ಯೋಗಿಯ 4 ಬಂದಿದ್ದು ಅಲ್ಲಿಂದಲೇ.

(ಮೇಲ್‌ಬಾಕ್ಸ್ ಓದಿ ತಾನೇ ನಕ್ಷೆ ಹಾಕಿಕೊಡುವ ಒಂದು ಆ್ಯಪ್ ಕೂಡ ನೋಡಿದೆ. ಅದರ ಪ್ರಕಾರ ನನಗೆ ಅತಿ ಆಪ್ತರು ವಾರವಾರ ನ್ಯೂಸ್‌ಲೆಟರ್ ಕಳಿಸುವವರು. ಬೇರೆಯವರ ಪತ್ರಗಳನ್ನೂ ಅದರ ಕೈಗೆ ಕೊಡಬೇಕು ಅನ್ನುವುದು ಇನ್ನೊಂದು ಕಿರಿಕಿರಿ. ತೆಗೆದುಹಾಕಿದೆ.)

ಮೂರನೆಯದು ಫೋನ್. ಪರದೆಯ ಮೇಲೆ ಕಾಣದ ಎರಡು ವಿಷಯ ಇದರಿಂದ ಮಾತ್ರ ಗೊತ್ತಾಗುತ್ತವೆ. ಒಂದು, ಮನಸ್ತಾಪ. ನನ್ನ ಸಾಲಿನಲ್ಲಿ ಇನ್ನೊಬ್ಬರಿದ್ದರು, ಶೀಟ್ ಪ್ರಕಾರ ದಾರಿಯ ಅಂಕ 4, ಎಲ್ಲರಿಗಿಂತ ಜಾಸ್ತಿ. ಕೇಳಿದಾಗ ಅವರು ಸ್ವಲ್ಪ ತಡೆದು, "ನನ್ನ ಹೆಸರು ಹೇಳದಿದ್ದರೆ ನಿನಗೇ ಒಳ್ಳೇದು" ಅಂದರು. ಒಟ್ಟಿಗೆ ಕೆಲಸ ಮಾಡಿದ್ದು ನಿಜ, ಬೇರೆಯಾಗಿದ್ದು ಜಗಳವಾಡಿ. ಎರಡು, ಲಿಂಕ್ಡ್‌ಇನ್‌ನಲ್ಲಿ ಇಲ್ಲದ ಸಂಬಂಧಗಳು: ನೆಂಟರು, ಜೊತೆಗೆ ಓದಿದವರು, ಮಕ್ಕಳ ಶಾಲೆಯಲ್ಲಿ ಪರಿಚಯವಾದವರು.

ಆದರೆ ಎಲ್ಲರಿಗೂ ಫೋನ್ ಮಾಡುತ್ತಾ ಹೋಗೋಕಾಗಲ್ಲ. ಇಬ್ಬರು ಒಟ್ಟಿಗೆ ಒಪ್ಪಿ, ಒಂದೇ ದಿನ ಎರಡು ಕಡೆಯಿಂದ ನನ್ನ ಹೆಸರು ಆಕೆಗೆ ಹೋದರೆ ಮುಜುಗರ. ಅದಕ್ಕೆ ಒಬ್ಬರ ಉತ್ತರ ಬರುವವರೆಗೆ ಇನ್ನೊಬ್ಬರನ್ನು ಕೇಳುವುದಿಲ್ಲ. ಕೇಳುವಾಗಲೂ "ಪರಿಚಯ ಮಾಡಿಸ್ತೀರಾ" ಅಂತ ಶುರು ಮಾಡುವುದಿಲ್ಲ. "ಅವರು ನಿಮಗೆ ಎಷ್ಟು ಪರಿಚಯ?" ಅಂತ ಮಾತ್ರ ಕೇಳುತ್ತೇನೆ. ಇಷ್ಟವಿಲ್ಲದವರು "ಅಷ್ಟಾಗಿ ಇಲ್ಲ" ಅಂತ ಹೇಳಿ ಸುಮ್ಮನಾಗಬಹುದು.

ಹಾಗಾದರೆ ಯಾವುದು ಮೇಲು? ಒಬ್ಬರನ್ನೇ ಭೇಟಿಯಾಗಬೇಕಿದ್ದರೆ ನನ್ನ ಮತ ಪಟ್ಟಿ ಮತ್ತು ಫೋನ್‌ಗೆ. ಎರಡು ತುಂಡಿನ ಲೆಕ್ಕ ಒಂದು ಚೀಟಿಯ ಮೇಲೆ ಹಾಕಿದರೂ ಆಗುತ್ತದೆ. ಬಂಡವಾಳ ಹುಡುಕುವವರ ಹಾಗೆ ಇಪ್ಪತ್ತು ಮೂವತ್ತು ಜನರನ್ನು ಮುಟ್ಟಬೇಕಿದ್ದರೆ ಮಾತ್ರ ಶೀಟ್‌ಗೆ ಹಾಕಿದ ಶ್ರಮ ವಾಪಸ್ ಬರುತ್ತದೆ. ಆಗ ಒಬ್ಬರೇ ಐದಾರು ದಾರಿಯ ನಡುವೆ ನಿಂತಿರುವುದು ಕಾಣುತ್ತದೆ, ಅವರಿಗೆ ಎಷ್ಟು ಸಲ ತೊಂದರೆ ಕೊಡಬಹುದು ಅಂತ ಮೊದಲೇ ಯೋಚಿಸಬಹುದು.

ಕೊನೆಗೆ ನಾನು ಹಿಡಿದಿದ್ದು ಸಹೋದ್ಯೋಗಿಯ ದಾರಿ. ಹಾಗೇ ಫಾರ್ವರ್ಡ್ ಮಾಡಬಹುದಾದ ನಾಲ್ಕು ಸಾಲಿನ ಮೆಸೇಜ್ ಅವರಿಗೆ ಕಳಿಸಿದೆ: ನಾನು ಯಾರು, ಹಳೆ ಬ್ಯಾಟರಿ ಖರೀದಿ ಬಗ್ಗೆ ಕೇಳಬೇಕಾದ ಪ್ರಶ್ನೆ ಯಾವುದು, ಎಷ್ಟು ಹೊತ್ತು ಬೇಕು, ಬೇಡ ಅಂದರೂ ಪರವಾಗಿಲ್ಲ. ಅವರು ಮೇಲೆ ತಮ್ಮದೊಂದು ಸಾಲು ಸೇರಿಸಿ ಮೊದಲು ಆಕೆಯನ್ನೇ ಕೇಳಿದರು, ಆಕೆ ಹೂಂ ಅಂದ ಮೇಲೆ ನನ್ನ ನಂಬರ್ ಕೊಟ್ಟರು.