ಒಂದೇ ಕ್ಯಾಮೆರಾ ಇಂಟರ್ವ್ಯೂನಲ್ಲಿ ಕ್ಲೋಸಪ್ ತೆಗೆಯೋಕೆ ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್: ತುಂಬಾ ದಿನ ಬಳಸಿದ ಮೇಲೆ

ರಿಸಾಲ್ವ್‌ನ ಕಲರ್ ಗ್ರೇಡಿಂಗ್ ಬಗ್ಗೆ ರಿವ್ಯೂ ಬೇಕಾದಷ್ಟಿದೆ, ಇದು ಅದಲ್ಲ. ನಾನು ಈ ಸಾಫ್ಟ್‌ವೇರ್ ತೆಗೆಯೋದು ಹೆಚ್ಚಾಗಿ ಒಂದು ಕೆಲಸಕ್ಕೆ. ಟ್ರೈಪಾಡ್ ಮೇಲೆ ಅಲ್ಲಾಡದೆ ನಿಂತಿರೋ ಒಂದೇ ಕ್ಯಾಮೆರಾದಲ್ಲಿ 4ಕೆ ಶೂಟ್ ಆಗಿರುತ್ತೆ, ಕ್ಲೈಂಟ್‌ಗೆ ಬೇಕಾಗಿರೋದು 1080. ಎರಡನೇ ಕ್ಯಾಮೆರಾಗೆ ಬಜೆಟ್ ಇರಲ್ಲ, ಆದ್ರೆ ಎಡಿಟ್‌ನಲ್ಲಿ ಕ್ಲೋಸಪ್ ಬೇಕು, ಅದೂ ಮಾತಿನ ಜೊತೆ ನಿಧಾನಕ್ಕೆ ಹತ್ತಿರ ಹೋಗೋ ಥರ. ಈ ಕೆಲಸಕ್ಕೆ ಫ್ರೀ ವರ್ಷನ್ ಸಾಕಾ ಅಂತ ತುಂಬಾ ಜನ ಕೇಳ್ತಾರೆ. ಸಾಕು, ಆದ್ರೆ ಎಲ್ಲಿ ರೆಸಲ್ಯೂಶನ್ ಉಳಿಯುತ್ತೆ ಎಲ್ಲಿ ಹೋಗುತ್ತೆ ಅನ್ನೋದು ಗೊತ್ತಿರಬೇಕು.

ಮೊದಲು ಒಳ್ಳೇದು ಹೇಳ್ತೀನಿ. 3840 ಪಿಕ್ಸೆಲ್ ಅಗಲದ ಕ್ಲಿಪ್‌ನ 1920 ಟೈಮ್‌ಲೈನಿಗೆ ಹಾಕಿದ್ರೆ ರಿಸಾಲ್ವ್ ಅದನ್ನ ಫ್ರೇಮಿಗೆ ಹೊಂದಿಸಿ ತೋರಿಸುತ್ತೆ ಅಷ್ಟೇ, ಒಳಗಡೆ ಪೂರ್ತಿ 4ಕೆ ಹಾಗೇ ಇರುತ್ತೆ. ಇನ್ಸ್‌ಪೆಕ್ಟರ್‌ನಲ್ಲಿ ಜೂಮ್ 1.6 ಕೊಟ್ರೆ ಅದು ಚಿಕ್ಕದು ಮಾಡಿದ 1080ನ ಮತ್ತೆ ಹಿಗ್ಗಿಸಲ್ಲ, ಒರಿಜಿನಲ್‌ನಿಂದಲೇ 2400 ಪಿಕ್ಸೆಲ್ ಅಗಲದ ತುಂಡು ತಗೊಂಡು 1920ಕ್ಕೆ ಇಳಿಸುತ್ತೆ. ಜೂಮ್ 2.0ಕ್ಕೆ ಬಂದಾಗ ಪಿಕ್ಸೆಲ್‌ಗೆ ಪಿಕ್ಸೆಲ್, ಅದಾದ್ಮೇಲೆ ನಿಜವಾದ ಹಿಗ್ಗಾಟ ಶುರು. ಪ್ರೀಮಿಯರ್‌ನಿಂದ ಬಂದವರಿಗೆ ಇದು ಆರಾಮ, ಯಾಕಂದ್ರೆ ಅಲ್ಲಿ Scale to Frame Size ಒತ್ತಿದ್ರೆ ಕ್ಲಿಪ್ ಸೀಕ್ವೆನ್ಸ್ ಸೈಜಿಗೆ ಇಳಿದುಬಿಡುತ್ತೆ, Set to Frame Size ಒತ್ತಿದ್ರೆ ಮಾತ್ರ ಒರಿಜಿನಲ್ ಉಳಿಯುತ್ತೆ.

ಈಗ ಒಂದು ನಿಜವಾದ ಶಾಟ್ ತಗೊಳ್ಳಿ. ವೃತ್ತಿ ನಾಟಕ ಕಂಪನಿಲಿ ಹಾರ್ಮೋನಿಯಂ ನುಡಿಸ್ತಿದ್ದ ಹಿರಿಯ ಮಾಸ್ತರ್ ಒಬ್ಬರ ಇಂಟರ್ವ್ಯೂ, ಸೊಂಟದಿಂದ ಮೇಲೆ ಫ್ರೇಮ್, 25 ಫ್ರೇಮ್ ರೇಟ್. ಕಂಪನಿ ಮುಚ್ಚಿದ ಮೇಲೆ ಪೆಟ್ಟಿಗೆ ಮಾರಿದ ಕಥೆ ಹೇಳ್ತಾ ಹೇಳ್ತಾ ಅವರು ತಡವರಿಸ್ತಾರೆ, ಅಲ್ಲಿಂದ 24 ಸೆಕೆಂಡ್ ಕ್ಲೋಸಪ್‌ನಲ್ಲಿ ಬೇಕು. ಹಿಂದಿನ ಶಾಟ್ ಜೂಮ್ 1.0ನಲ್ಲೇ ಇದೆ. ಇಲ್ಲಿ ಕಟ್ ಮಾಡಿ 1.1ರಿಂದ ಶುರು ಮಾಡಿದ್ರೆ ನೋಡೋರಿಗೆ ಏನೋ ಜಂಪ್ ಆಯ್ತು ಅನ್ಸುತ್ತೆ, ಬೇರೆ ಕ್ಯಾಮೆರಾ ಅನ್ಸಲ್ಲ. ಹಾಗಾಗಿ ಸೀದಾ 1.4ಕ್ಕೆ ಹೋಗಿ ಅಲ್ಲಿಂದ 1.6ರ ತನಕ ತಳ್ಳಿದೆ. 600 ಫ್ರೇಮ್‌ನಲ್ಲಿ 0.2 ಅಂದ್ರೆ ಫ್ರೇಮ್ ಅಂಚಲ್ಲೂ ಒಂದೊಂದು ಫ್ರೇಮಿಗೆ ಸುಮಾರು ಕಾಲು ಪಿಕ್ಸೆಲ್ ಅಷ್ಟೇ ಚಲನೆ, ಮುಖದ ಹತ್ತಿರ ಇನ್ನೂ ಕಮ್ಮಿ. ನೋಡೋರಿಗೆ ಕ್ಯಾಮೆರಾ ಚಲಿಸ್ತಿದೆ ಅಂತ ಗೊತ್ತೇ ಆಗಲ್ಲ, ಮಾತು ಮುಗಿಯೋ ಹೊತ್ತಿಗೆ ಅವರು ಹತ್ತಿರ ಬಂದುಬಿಟ್ಟಿರ್ತಾರೆ.

ಬರೀ ಜೂಮ್ ಕೀಫ್ರೇಮ್ ಹಾಕಿದ್ರೆ ಮುಖ ಮೇಲಕ್ಕೆ ಓಡುತ್ತೆ, ಯಾಕಂದ್ರೆ ಜೂಮ್ ಆಗೋದು ಫ್ರೇಮ್ ನಡುವಿನಿಂದ, ಕಣ್ಣು ಇರೋದು ಅದಕ್ಕಿಂತ ಮೇಲೆ. ಮಾಸ್ತರ ಕಣ್ಣು ನಡುವಿನಿಂದ 180 ಪಿಕ್ಸೆಲ್ ಮೇಲಿತ್ತು, 1.4ರಲ್ಲಿ ಅದು 252 ಆಗುತ್ತೆ, 1.6ರಲ್ಲಿ 288. ಹಾಗಾಗಿ ಪೊಸಿಷನ್ ವೈ ಶುರುವಲ್ಲಿ ಮೈನಸ್ 72, ಕೊನೇಲಿ ಮೈನಸ್ 108 ಕೊಟ್ರೆ ಕಣ್ಣು ಇದ್ದ ಎತ್ತರದಲ್ಲೇ ನಿಲ್ಲುತ್ತೆ. ಕಟ್ ಆದಾಗ ನೋಡೋರ ಕಣ್ಣು ಹುಡುಕಾಡಬೇಕಾಗಿಲ್ಲ, ಅದಕ್ಕೇ ಈ ಲೆಕ್ಕ. ಜೂಮ್ ಮತ್ತು ಪೊಸಿಷನ್ ಎರಡಕ್ಕೂ ಒಂದೇ ಥರದ ಈಸ್ ಇರಬೇಕು, ಒಂದಕ್ಕೆ ಈಸ್ ಹಾಕಿ ಇನ್ನೊಂದನ್ನ ಲೀನಿಯರ್ ಬಿಟ್ರೆ ಮುಖ ನಡುವಲ್ಲಿ ತೇಲಿ ಹೋಗಿ ವಾಪಸ್ ಬರುತ್ತೆ, ನೋಡೋಕೆ ವಿಚಿತ್ರ.

ಇದನ್ನೆಲ್ಲ ತಪ್ಪಿಸೋಕೆ ಅಂತಾನೇ ಡೈನಾಮಿಕ್ ಜೂಮ್ ಇದೆ. ಹಸಿರು ಬಾಕ್ಸ್ ಶುರು, ಕೆಂಪು ಬಾಕ್ಸ್ ಕೊನೆ, ಎಳೆದು ಇಟ್ರೆ ಮುಗೀತು, ಈಸ್ ಕೂಡ ಅಲ್ಲೇ ಇದೆ. ಬೇಗ ಆಗಬೇಕಾದ ಕೆಲಸಕ್ಕೆ ನಾನೂ ಅದನ್ನೇ ಬಳಸ್ತೀನಿ. ಆದ್ರೆ ಅದು ಕ್ಲಿಪ್‌ನ ತಲೆಯಿಂದ ಬಾಲದವರೆಗೆ ಲೆಕ್ಕ ಹಾಕುತ್ತೆ ಅನ್ನೋದು ನೆನಪಿರಲಿ. ಮಧ್ಯದಲ್ಲಿ ಒಂದು ಕೆಮ್ಮು ತೆಗೆಯೋಕೆ ಬ್ಲೇಡ್ ಹಾಕಿದ್ರಿ ಅಂದ್ಕೊಳ್ಳಿ, ಎರಡು ತುಂಡೂ ಹಸಿರು ಬಾಕ್ಸಿಂದ ಮತ್ತೆ ಶುರುವಾಗುತ್ತೆ. ಟ್ರಿಮ್ ಮಾಡಿದ್ರೆ ವೇಗ ಬದಲಾಗುತ್ತೆ. ಕೀಫ್ರೇಮ್ ಹಾಕಿದ್ರೆ ಈ ತಲೆನೋವಿಲ್ಲ, ಅದು ಕ್ಲಿಪ್‌ನ ಫ್ರೇಮಿಗೇ ಅಂಟಿಕೊಂಡಿರುತ್ತೆ. ಎಡಿಟ್ ಇನ್ನೂ ಲಾಕ್ ಆಗಿಲ್ಲ ಅಂದ್ರೆ ಕೀಫ್ರೇಮೇ ವಾಸಿ.

ರೆಸಲ್ಯೂಶನ್ ಕಳ್ಳತನ ಆಗೋ ಎರಡು ಜಾಗ ಇದೆ. ಒಂದು ಅಡ್ಜಸ್ಟ್‌ಮೆಂಟ್ ಕ್ಲಿಪ್. ಟ್ಯುಟೋರಿಯಲ್‌ಗಳಲ್ಲಿ ಎಲ್ಲಾ ಕಟ್‌ಗಳ ಮೇಲೆ ಒಂದು ಅಡ್ಜಸ್ಟ್‌ಮೆಂಟ್ ಕ್ಲಿಪ್ ಎಳೆದು ಅದಕ್ಕೆ ಜೂಮ್ ಕೊಡಿ ಅಂತಾರೆ, ಅನುಕೂಲ ನಿಜ, ಆದ್ರೆ ಅದು ಕೆಳಗಿನ ಚಿತ್ರ ಆಗಲೇ 1080 ಆದ ಮೇಲೆ ಕೆಲಸ ಮಾಡುತ್ತೆ, ನಿಮ್ಮ 4ಕೆ ಅಷ್ಟೊತ್ತಿಗೆ ಹೋಗಿರುತ್ತೆ. ಇನ್ನೊಂದು ಕಾಂಪೌಂಡ್ ಕ್ಲಿಪ್, ಅದೂ ಹಾಗೇ, ಟೈಮ್‌ಲೈನ್ ಸೈಜಲ್ಲೇ ಕಟ್ಟಿರುತ್ತೆ. ಅನುಮಾನ ಇದ್ರೆ ಅದೇ ಶಾಟ್‌ನ ಕ್ಲಿಪ್ ಮೇಲೆ ನೇರ ಜೂಮ್ ಮಾಡಿ ಒಂದು ಸ್ಟಿಲ್, ಅಡ್ಜಸ್ಟ್‌ಮೆಂಟ್ ಕ್ಲಿಪ್ ಮೂಲಕ ಇನ್ನೊಂದು ಸ್ಟಿಲ್ ತೆಗೆದು ಮಾಸ್ತರ ಬಿಳಿ ಮೀಸೆ ನೋಡಿ. ಒಂದರಲ್ಲಿ ಕೂದಲು ಎಳೆ ಎಳೆ ಕಾಣುತ್ತೆ, ಇನ್ನೊಂದರಲ್ಲಿ ಹತ್ತಿ ಥರ. ಪ್ರಾಕ್ಸಿ ಆನ್ ಇದ್ರೂ ವ್ಯೂವರ್‌ನಲ್ಲಿ ಹೀಗೇ ಮಬ್ಬು ಕಾಣುತ್ತೆ ಆದ್ರೆ ಅದು ನಷ್ಟ ಅಲ್ಲ, ಡೆಲಿವರ್ ಪೇಜಲ್ಲಿ Use proxy media ಟಿಕ್ ಆಗಿಲ್ಲದಿದ್ರೆ ಸಾಕು.

2.0 ತನಕ ಹೋಗಬಹುದು ಅನ್ನೋದು ಕಾಗದದ ಮೇಲಿನ ಲೆಕ್ಕ. ಸಾಮಾನ್ಯ ಮಿರರ್‌ಲೆಸ್ ಕ್ಯಾಮೆರಾದ 4:2:0 ಫೈಲಲ್ಲಿ ಬಣ್ಣದ ಮಾಹಿತಿ ಉದ್ದಗಲ ಎರಡೂ ಕಡೆ ಅರ್ಧವೇ ಇರೋದು, ಜೊತೆಗೆ 4ಕೆಯನ್ನ 1080ಗೆ ಇಳಿಸುವಾಗ ನಾಲ್ಕು ಪಿಕ್ಸೆಲ್ ಸೇರಿ ಒಂದಾಗಿ ನಾಯ್ಸ್ ಕಮ್ಮಿ ಕಾಣ್ತಿದ್ದದ್ದು, ಜೂಮ್ ಹೆಚ್ಚಾದ ಹಾಗೆ ಆ ಲಾಭ ಕರಗಿ ಹೋಗುತ್ತೆ. ವೈಡ್‌ನಲ್ಲಿ ಕ್ಲೀನಾಗಿದ್ದ ಗೋಡೆ ಕ್ಲೋಸಪ್‌ನಲ್ಲಿ ಗಿಜಿಗಿಜಿ. ನನ್ನ ಕಣ್ಣಿಗೆ 1.6 ದಾಟಿದ್ರೆ ಫೋಕಸ್ ಕಣ್ಣಿನ ಬದಲು ಕಿವಿ ಮೇಲೆ ಕೂತಿದೆ ಅನ್ನೋದೂ ಬಯಲಾಗುತ್ತೆ. ಈ ನಾಯ್ಸ್‌ಗೆ ಇರೋ ಒಳ್ಳೆ ಔಷಧಿ ಟೆಂಪೊರಲ್ ನಾಯ್ಸ್ ರಿಡಕ್ಷನ್, ಅದು ದುಡ್ಡು ಕೊಟ್ಟು ತಗೊಳ್ಳೋ ಸ್ಟುಡಿಯೋ ವರ್ಷನ್‌ನಲ್ಲಿ ಮಾತ್ರ. ಫ್ರೀ ವರ್ಷನ್‌ಗೆ ನಾನು ಮಾರ್ಕ್ ಕಳೆಯೋದು ಇಲ್ಲೊಂದೇ.

ಸಣ್ಣ ಚೌಕಳಿ ಶರ್ಟ್ ಬಗ್ಗೆನೂ ಹೇಳ್ಬೇಕು. ಸ್ಕೇಲ್ ಫ್ರೇಮಿಂದ ಫ್ರೇಮಿಗೆ ಬದಲಾಗ್ತಾ ಇರೋದ್ರಿಂದ ಆ ಗೆರೆಗಳು ಪಿಕ್ಸೆಲ್ ಸಾಲು ದಾಟುವಾಗ ಮಿಣಮಿಣ ಅಂತ ಮಿಡಿಯುತ್ತೆ, ಸ್ಟಿಲ್‌ನಲ್ಲಿ ಕಾಣಲ್ಲ, ಪ್ಲೇ ಮಾಡಿದಾಗಲೇ ಕಾಣೋದು. ಇನ್ಸ್‌ಪೆಕ್ಟರ್‌ನ Retime and Scaling ಒಳಗೆ ಆ ಕ್ಲಿಪ್‌ಗೆ ಮಾತ್ರ ರೀಸೈಜ್ ಫಿಲ್ಟರ್ Smoother ಮಾಡಿದ್ರೆ ಸಾಕಷ್ಟು ತಗ್ಗುತ್ತೆ, ಮುಖದ ಶಾರ್ಪ್‌ನೆಸ್ ಒಂಚೂರು ಹೋಗುತ್ತೆ ಪರವಾಗಿಲ್ಲ.

ಟ್ರ್ಯಾಕ್ ಮೇಲೆ ಕ್ಯಾಮೆರಾ ತಳ್ಳಿದ ಹಾಗೆ ಕಾಣುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹಿಂದಿನ ಗೋಡೆ ಮೇಲಿನ ಫೋಟೋನೂ ಮಾಸ್ತರ ಜೊತೆಗೇ ಅಷ್ಟೇ ಪ್ರಮಾಣದಲ್ಲಿ ದೊಡ್ಡದಾಗುತ್ತೆ, ಕ್ಯಾಮೆರಾ ನಿಜವಾಗ್ಲೂ ಹತ್ತಿರ ಹೋಗಿದ್ರೆ ಮುಖ ಬೇಗ ಬೆಳೀತಿತ್ತು, ಫೋಟೋ ನಿಧಾನಕ್ಕೆ. ಮೊದಲೇ ಬ್ಯಾಕ್‌ಗ್ರೌಂಡ್ ಮಬ್ಬಾಗಿ ಶೂಟ್ ಮಾಡಿದ್ರೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಇನ್ನು ಕೆಲಸ ಒಪ್ಪಿಕೊಳ್ಳೋ ಮುಂಚೆನೇ ಫೈನಲ್ 1080ನಾ 4ಕೆನಾ ಅಂತ ಕೇಳ್ಕೊಳ್ಳಿ, ಯಾಕಂದ್ರೆ ಕೊನೇಲಿ 4ಕೆ ಬೇಕು ಅಂದ್ರೆ ಇದೇ 1.6 ಜೂಮ್ ಶುದ್ಧ ಹಿಗ್ಗಾಟ ಆಗುತ್ತೆ. ಅಂಥ ಪ್ರಾಜೆಕ್ಟ್‌ಗೆ ನಾನು 1.0ರಿಂದ 1.1 ಅಷ್ಟೇ ತಳ್ಳೋದು, ಕ್ಲೋಸಪ್ ಬೇಕೇ ಬೇಕು ಅಂದ್ರೆ ಎರಡನೇ ಕ್ಯಾಮೆರಾ ಬಾಡಿಗೆನ ಕೊಟೇಶನ್‌ನಲ್ಲೇ ಹಾಕಿಬಿಡ್ತೀನಿ.