12, 50, 200: ಮೂರೂ ಮೋಡ್ ಬಳಸಿದ ಮೇಲೆ ನನ್ನ ಓಟು ಐವತ್ತಕ್ಕೆ

ಮೊದಲೇ ಹೇಳಿಬಿಡ್ತೀನಿ: 200 ಮೆಗಾಪಿಕ್ಸೆಲ್ ಫೋನಿನಲ್ಲಿ ನಾನು ಹೆಚ್ಚು ಬಳಸೋದು 50ರ ಮೋಡ್. ಮನೆಯೊಳಗೆ, ಸಂಜೆ, ಮಕ್ಕಳು ಓಡಾಡುವಾಗ 12. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ 200 ಅಪರೂಪಕ್ಕೆ, ಅದೂ ಷರತ್ತಿನ ಮೇಲೆ.

ಉದಾಹರಣೆಗೆ 2023ರಲ್ಲಿ ಗ್ಯಾಲಕ್ಸಿ ಎಸ್23 ಅಲ್ಟ್ರಾದಲ್ಲಿ ಬಂದ ಐಸೋಸೆಲ್ ಎಚ್‌ಪಿ2 ಸೆನ್ಸರ್ ನೋಡಿ. ಅದರ ಒಂದೊಂದು ಪಿಕ್ಸೆಲ್ 0.6 ಮೈಕ್ರಾನ್. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಒಟ್ಟು 16 ಪಿಕ್ಸೆಲ್‌ಗಳ ಗುಂಪಿಗೆ ಒಂದೇ ಬಣ್ಣದ ಫಿಲ್ಟರ್ ಇರುತ್ತೆ. ಈ 16ನ್ನೂ ಕೂಡಿಸಿ 2.4 ಮೈಕ್ರಾನಿನ ಒಂದು ದೊಡ್ಡ ಪಿಕ್ಸೆಲ್ ಮಾಡಿದರೆ 12, ನಾಲ್ಕುನಾಲ್ಕನ್ನು ಕೂಡಿಸಿದರೆ 50. ಈ ಕೂಡಿಸುವುದೇ ಪಿಕ್ಸೆಲ್ ಬಿನ್ನಿಂಗ್. ಕೂಡಿಸದೆ ಬಿಟ್ಟರೆ 200. ಆದರೆ ಆಗ ಪಕ್ಕಪಕ್ಕದ 16 ಪಿಕ್ಸೆಲ್‌ಗಳಿಗೂ ಒಂದೇ ಬಣ್ಣ ಗೊತ್ತಿರೋದರಿಂದ ಉಳಿದ ಬಣ್ಣಗಳನ್ನು ಫೋನು ಅಕ್ಕಪಕ್ಕ ನೋಡಿ ಊಹೆ ಮಾಡಬೇಕು. ಒಳ್ಳೆ ಬೆಳಕಿದ್ದರೆ ಊಹೆ ಹೊಂದುತ್ತೆ, ಮಬ್ಬಿದ್ದರೆ ತಪ್ಪುತ್ತೆ. ಸಣ್ಣ ಚೌಕುಳಿ ಬಟ್ಟೆಯ ಮೇಲೆ ಇಲ್ಲದ ಬಣ್ಣದ ಗೆರೆಗಳು ಕಾಣಿಸೋದು ಹೀಗೆ.

50 ಯಾಕೆ ಇಷ್ಟ ಅನ್ನೋದಕ್ಕೆ ಲೆನ್ಸ್ ಕಡೆ ನೋಡಬೇಕು. ಬೆಳಕಿನ ಗುಣವೇ ಹಾಗೆ, ಎಫ್/1.7 ಲೆನ್ಸಿನ ಮೂಲಕ ಬಂದ ಒಂದು ಚುಕ್ಕೆ, ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ, ಸೆನ್ಸರ್ ಮೇಲೆ ಸುಮಾರು 2.3 ಮೈಕ್ರಾನ್ ಅಗಲಕ್ಕೆ ಹರಡುತ್ತೆ. 12ರಲ್ಲಿ ಆ ಚುಕ್ಕೆ ಒಂದು ಪಿಕ್ಸೆಲ್ಲಿನಷ್ಟು. 50ರಲ್ಲಿ ಹೆಚ್ಚುಕಮ್ಮಿ ಎರಡು ಪಿಕ್ಸೆಲ್ ಅಗಲ. 200ರಲ್ಲಿ ನಾಲ್ಕು ಪಿಕ್ಸೆಲ್ ಅಗಲ, ಅಂದರೆ ಅದೇ ಚುಕ್ಕೆಯನ್ನು ಇನ್ನಷ್ಟು ಸಣ್ಣಗೆ ಹೆಚ್ಚಿದ ಹಾಗೆ. ಅದಕ್ಕೇ 12ರಿಂದ 50ಕ್ಕೆ ಹೋದಾಗ ಕಣ್ಣಿಗೆ ಕಾಣುವ ವಿವರ ಜಿಗಿಯುತ್ತೆ, 50ರಿಂದ 200ಕ್ಕೆ ಹೋದಾಗ ಬೆಳೆಯೋದು ಮುಖ್ಯವಾಗಿ ಫೈಲು.

ಹಾಗಾದರೆ 200 ಯಾವಾಗ ಬೇಕು? ರಾಯಚೂರು ಕೋಟೆ ಗೋಡೆಯಲ್ಲಿ 1294ರ ಶಾಸನವಿರುವ ಉದ್ದನೆಯ ಕಲ್ಲನ್ನೇ ತಗೊಳ್ಳಿ. ಉದ್ದ ಸುಮಾರು 41 ಅಡಿ, ಹನ್ನೆರಡೂವರೆ ಮೀಟರ್. ಇಡೀ ಕಲ್ಲು ಒಂದೇ ಫ್ರೇಮಿನಲ್ಲಿ ಬರಬೇಕಾದರೆ ಫೋನಿನ ಮಾಮೂಲಿ ಲೆನ್ಸಿಗೆ ಸುಮಾರು 29 ಅಡಿ ಹಿಂದೆ ಸರಿಯಬೇಕು. 12ರ ಫೋಟೋ 4000 ಪಿಕ್ಸೆಲ್ ಅಗಲ, ಹಾಗಾಗಿ ಒಂದು ಪಿಕ್ಸೆಲ್ಲಿಗೆ ಕಲ್ಲಿನ ಮೂರು ಮಿಲಿಮೀಟರ್ ಬರುತ್ತೆ. ಐದು ಮಿಲಿಮೀಟರ್ ಅಗಲದ ಅಕ್ಷರದ ಗೆರೆಗೆ ಎರಡು ಪಿಕ್ಸೆಲ್ ಕೂಡ ಸಿಗಲ್ಲ, ಓದೋದು ಕಷ್ಟ. 50ರಲ್ಲಿ ಪಿಕ್ಸೆಲ್ಲಿಗೆ ಒಂದೂವರೆ ಮಿಲಿಮೀಟರ್, ಗೆರೆಗೆ ಮೂರು ಪಿಕ್ಸೆಲ್. 200ರಲ್ಲಿ ಮುಕ್ಕಾಲು ಮಿಲಿಮೀಟರ್, ಅದೂ ಕಾಗದದ ಲೆಕ್ಕದಲ್ಲಿ. ಲೆನ್ಸ್ ಅಷ್ಟನ್ನು ಪೂರ್ತಿ ಕೊಡಲ್ಲ.

ಈಗ ಇನ್ನೊಂದು ದಾರಿ. ಏಳೆಂಟು ಅಡಿ ಹತ್ತಿರ ಹೋಗಿ, ಹತ್ತಡಿ ಹತ್ತಡಿಯಂತೆ, ಅಂಚುಗಳು ಒಂದರ ಮೇಲೊಂದು ಬರುವ ಹಾಗೆ ಐದು ಫೋಟೋ 12ರಲ್ಲೇ ತೆಗೆಯಿರಿ. ಆಗಲೂ ಪಿಕ್ಸೆಲ್ಲಿಗೆ ಅದೇ ಮುಕ್ಕಾಲು ಮಿಲಿಮೀಟರ್. ಆದರೆ ಈ ಪಿಕ್ಸೆಲ್ ದೊಡ್ಡದು, ಬಣ್ಣ ಸರಿ, ನೆರಳಿನಲ್ಲಿ ನಾಯ್ಸ್ ಕಮ್ಮಿ, ಲೆನ್ಸೂ ಸಾಲುತ್ತೆ. ಹತ್ತಿರ ಹೋಗಲು ದಾರಿ ಇರುವ ಕಡೆ 200 ಗೆಲ್ಲೋದೇ ಇಲ್ಲ. ಬೇಲಿ ಇದೆ, ಎತ್ತರದಲ್ಲಿದೆ, ಒಂದೇ ಫೋಟೋಕ್ಕೆ ಸಮಯ ಇದೆ, ಜೂಮ್ ಲೆನ್ಸೂ ಇಲ್ಲ, ಆದರೆ ಬೆಳಕು ಚೆನ್ನಾಗಿದೆ, ವಸ್ತು ಅಲ್ಲಾಡಲ್ಲ ಅಂದಾಗ ಮಾತ್ರ 200 ಒತ್ತಿ.

ಒತ್ತುವಾಗ ಫೋನನ್ನು ಸ್ಟ್ಯಾಂಡಿಗೋ ಕಟ್ಟೆಗೋ ಆನಿಸಿ, ಮೂರು ಸೆಕೆಂಡ್ ಟೈಮರ್ ಇಡಿ. 12ರಲ್ಲಿ ಒಂದು ಪಿಕ್ಸೆಲ್ಲಿನಷ್ಟು ಕೈ ಅಲ್ಲಾಡಿದರೆ 200ರಲ್ಲಿ ಅದೇ ನಾಲ್ಕು ಪಿಕ್ಸೆಲ್. ಕೆತ್ತಿದ ಅಕ್ಷರಕ್ಕೆ ಬೆಳಕು ಓರೆಯಾಗಿ ಬೀಳಬೇಕು. ಎದುರಿನಿಂದ ಬಿದ್ದರೆ ಗೆರೆಯ ನೆರಳೇ ಇರಲ್ಲ, ಆಗ ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಕಲ್ಲು ಸಪಾಟಾಗಿ ಕಾಣುತ್ತೆ. ಸುಣ್ಣ ಬಳಿದ ಗೋಡೆ ಮತ್ತು ಕತ್ತಲ ಮಂಟಪ ಎರಡೂ ಒಂದೇ ಫ್ರೇಮಿನಲ್ಲಿದ್ದರೆ 200 ಬೇಡ. 12ರಲ್ಲಿ ಫೋನು ಹಲವು ಫೋಟೋ ಬೆರೆಸಿ ಸರಿದೂಗಿಸುವಷ್ಟು ಇಲ್ಲಿ ಮಾಡಲ್ಲ, ಸುಣ್ಣ ಸುಟ್ಟು ಬಿಳಿ ಆಗುತ್ತೆ.

ಅಂಜನಾದ್ರಿ ಬೆಟ್ಟದ ಮೇಲಿಂದ ಹೊಳೆ ಆಚೆಯ ದೂರದ ನೋಟವಾದರೆ ಬೆಳಗ್ಗೆಯೇ ತೆಗೆಯಿರಿ. ಬೇಸಿಗೆ ಮಧ್ಯಾಹ್ನ ಬಂಡೆ ಕಾದು ಗಾಳಿ ನಡುಗುತ್ತೆ, 200 ಆ ನಡುಕವನ್ನೇ ದೊಡ್ಡದಾಗಿ ತೋರಿಸುತ್ತೆ. ಕೊಪ್ಪಳದ ಗವಿಮಠದ ಜಾತ್ರೆ, ಸಂಜೆ ತೇರು, ಜನಸಾಗರ: 12, ಬೇರೆ ಮಾತಿಲ್ಲ.

ನಿಮ್ಮ ಫೋನಿನ 200ರಲ್ಲಿ ಹುರುಳಿದೆಯಾ ಅಂತ ಮನೆಯಲ್ಲೇ ನೋಡಬಹುದು. ಆನಿಸಿಟ್ಟ ಫೋನಿನಿಂದ ಒಂದೇ ಗೋಡೆ ಕ್ಯಾಲೆಂಡರನ್ನು 50ರಲ್ಲಿ, 200ರಲ್ಲಿ ತೆಗೆದು, ಒಂದೇ ತಿಥಿಯ ಸಣ್ಣ ಅಕ್ಷರವನ್ನು ಎರಡರಲ್ಲೂ ಕತ್ತರಿಸಿ ಪಕ್ಕಪಕ್ಕ ಇಡಿ. 50ರಲ್ಲಿ ಓದಲಾಗದ ಅಕ್ಷರ 200ರಲ್ಲಿ ಓದಿಸಿಕೊಂಡರೆ ಸರಿ. ಎರಡೂ ಒಂದೇ ಥರ ಮಸುಕಾಗಿದ್ದರೆ ಮಿಕ್ಕಿದ ಪಿಕ್ಸೆಲ್ ಖಾಲಿ.

ಎಲ್ಲಕ್ಕಿಂತ ತಲೆನೋವು ಫೈಲಿನದು. 200ರ ಫೋಟೋ 16320 ಅಗಲ, 12240 ಎತ್ತರ. ಜೆಪೆಗ್ ಆಗಿ ಹತ್ತಾರು ಎಂಬಿ ಕಾಣುತ್ತೆ, ಪರವಾಗಿಲ್ಲ ಅನಿಸುತ್ತೆ. ತೆರೆದಾಗ ಪ್ರತಿ ಪಿಕ್ಸೆಲ್ಲಿಗೆ ಮೂರು ಬೈಟ್ ಬೇಕು, ಮೆಮೊರಿಯಲ್ಲಿ ಸುಮಾರು 600 ಎಂಬಿ ಕೂರುತ್ತೆ. ಬಳ್ಳಾರಿಯ ಫ್ಲೆಕ್ಸ್ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ ಅದರ ಮೇಲೆ ಹೆಸರು, ಹೂವು, ಹಿನ್ನೆಲೆ ಅಂತ ಲೇಯರ್ ಸೇರಿಸಿದರೆ ಮಷಿನ್ ನಿಲ್ಲುತ್ತೆ. "ಅಣ್ಣಾ, ಚಿಕ್ಕದು ಮಾಡಿ ಕಳ್ಸ್ರಿ" ಅಂತ ಅವರು ಅನ್ನೋದು ಸುಮ್ಮನೆ ಅಲ್ಲ.

ಇನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ದಾರಿಯಲ್ಲೇ ಕುಗ್ಗುತ್ತೆ, 12ಕ್ಕಿಂತ ಕಮ್ಮಿಯಾಗಿ ಮುಟ್ಟುತ್ತೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಲಗತ್ತಿಸಿ, ಇಲ್ಲವಾದರೆ ಬೇಕಾದ ಭಾಗವನ್ನಷ್ಟೇ ಮೊದಲು ಕತ್ತರಿಸಿ ಕಳಿಸಿ. ಆ ಕಡೆಯ ಫೋನಿನ ಗ್ಯಾಲರಿ ಪೂರ್ತಿ ತೆರೆಯದೆ ಕುಗ್ಗಿಸಿ ತೋರಿಸಿದರೆ ಜೂಮ್ ಮಾಡಿದರೂ ಮಸುಕೇ.

ಫ್ಲೆಕ್ಸಿಗೆ 200 ಬೇಕೇಬೇಕು ಅನ್ನುವವರಿಗೂ ಲೆಕ್ಕ ಇದೆ. ಹತ್ತಡಿ ಅಗಲ ಅಂದರೆ 120 ಇಂಚು. 12ರ ಫೋಟೋ ಇಂಚಿಗೆ 33 ಪಿಕ್ಸೆಲ್ ಕೊಡುತ್ತೆ, 50ರದು 68, 200ರದು 136. ರಸ್ತೆಯಾಚೆಯಿಂದ ನೋಡುವ ಫ್ಲೆಕ್ಸಿಗೆ 68 ಧಾರಾಳ. ಹತ್ತಿರ ನಿಂತು ನೋಡುವ ಗೋಡೆಚಿತ್ರವಾದರೆ 136 ಕೇಳಿ, ಫೋಟೋ ಹಗಲಲ್ಲಿ ಸ್ಟ್ಯಾಂಡ್ ಮೇಲೆ ತೆಗೆದಿದ್ದರೆ.

ಕೊಳ್ಳುವಾಗ ನನ್ನ ಬಜೆಟ್ ಮಧ್ಯಮದ್ದು, ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲದ ಫೋನುಗಳೇ ಹೆಚ್ಚು, 200ರ ದೊಡ್ಡ ಫೈಲುಗಳಿಂದ ಬೇಗ ತುಂಬುತ್ತೆ. ಹಾಗಾಗಿ ಒಂದೇ ಬೆಲೆಗೆ ಜೂಮ್ ಲೆನ್ಸ್ ಇಲ್ಲದ 200 ಮತ್ತು 3ಎಕ್ಸ್ ಲೆನ್ಸ್ ಇರುವ 50 ಸಿಕ್ಕರೆ ಎರಡನೆಯದು. ಅಂಥದ್ದು ಸಿಗದೆ 200ರ ಫೋನೇ ತಗೊಂಡರೆ 2ಎಕ್ಸ್ ಬಟನ್ ಬಳಸಿ. ಅದು 50ರ ನಡುವಿನ ಭಾಗವನ್ನೇ ಕತ್ತರಿಸಿ 12 ಮಾಡಿ ಕೊಡುತ್ತೆ, ಫೈಲೂ ಚಿಕ್ಕದು. ನಾನು 200 ಸೆನ್ಸರಿಗೆ ಕೊಟ್ಟ ದುಡ್ಡು ಹೆಚ್ಚಾಗಿ ವಸೂಲಾಗೋದು ಆ ಬಟನ್ನಿನಲ್ಲೇ.