ಟ್ರ್ಯಾಕರ್ ಬಿಂದುವಿನಿಂದ ಬೀದಿಯ ಹೆಸರಿಗೆ: ನೋಮಿನಾಟಿಮ್, ಫೋಟಾನ್ ಮತ್ತು ಓಎಸ್‌ಆರ್‌ಎಂ

ಸರಕು ತಲುಪಿಸುವ ವಾಹನದ ಟ್ರ್ಯಾಕರ್ ಅಕ್ಷಾಂಶ, ರೇಖಾಂಶಗಳನ್ನು ಕಳುಹಿಸುತ್ತದೆ. ವಾಹನಕ್ಕಾಗಿ ಕಾಯುತ್ತಿರುವವರಿಗೆ ಬೇಕಾದದ್ದು ಬೀದಿಯ ಮತ್ತು ಬಡಾವಣೆಯ ಹೆಸರು. ಇದಕ್ಕಾಗಿ ಒಂದೇ ಪ್ರಯಾಣದ ಬಿಂದುಗಳನ್ನು ನನ್ನ ಸರ್ವರ್‌ನಲ್ಲಿಯೇ ಸ್ಥಾಪಿಸಿಕೊಂಡ ಮೂರು ತಂತ್ರಾಂಶಗಳಿಗೆ ಕೊಟ್ಟು ನೋಡಿದೆ. ಮೂರೂ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನೇ ಬಳಸುವುದರಿಂದ, ಉತ್ತರಗಳಲ್ಲಿ ಕಂಡ ವ್ಯತ್ಯಾಸಕ್ಕೆ ಹುಡುಕುವ ವಿಧಾನವೇ ಮುಖ್ಯ ಕಾರಣ.

ಮೊದಲ ಪರೀಕ್ಷೆ, ಮುಖ್ಯರಸ್ತೆಯಲ್ಲಿ ಮೂಲೆಯ ಕಟ್ಟಡವೊಂದರ ಪಕ್ಕ ನಿಂತ ವಾಹನದ್ದು. ನೋಮಿನಾಟಿಮ್‌ಗೆ `zoom=18` ಎಂದು ಕೇಳಿದಾಗ ಅದು ಅಡ್ಡರಸ್ತೆಯ ಹೆಸರನ್ನು ಕೊಟ್ಟಿತು. ಆ ಮಟ್ಟದಲ್ಲಿ ಅದು ಹತ್ತಿರದ ಕಟ್ಟಡವನ್ನು ಹುಡುಕಿ ಆ ಕಟ್ಟಡದ ವಿಳಾಸವನ್ನು ಹೇಳುತ್ತದೆ. ಕಟ್ಟಡದ ವಿಳಾಸವಾದರೋ ಅಡ್ಡರಸ್ತೆಯದಾಗಿತ್ತು. ಕಟ್ಟಡಗಳನ್ನು ಬಿಟ್ಟು ರಸ್ತೆಗಳನ್ನಷ್ಟೇ ನೋಡುವಂತೆ ಕೇಳಿದಾಗ ಉತ್ತರ ಸರಿಯಾಯಿತು:

```
/reverse?format=jsonv2&lat=LAT&lon=LON&zoom=17
```

ಫೋಟಾನ್‌ನಲ್ಲಿಯೂ ಇದೇ ಎಚ್ಚರ ಬೇಕು: `layer=street` ಎಂದು ಹೇಳದಿದ್ದರೆ ಹತ್ತಿರದ ಅಂಗಡಿಯ ಹೆಸರೇ ಬರಬಹುದು.

ಕಷ್ಟವೆನಿಸಿದ್ದು ಹೆದ್ದಾರಿ ಮತ್ತು ಅದರ ಪಕ್ಕದ ಸರ್ವಿಸ್ ರಸ್ತೆ. ಇವೆರಡರ ನಡುವೆ ಹನ್ನೆರಡು ಮೀಟರ್ ಅಂತರವಿದ್ದು, ಜಿಪಿಎಸ್ ಬಿಂದು ಏಳೆಂಟು ಮೀಟರ್ ಸರಿದರೂ ಸಾಕು, ಹತ್ತಿರದ ರಸ್ತೆ ಬದಲಾಗಿಬಿಡುತ್ತದೆ. ನೋಮಿನಾಟಿಮ್ ಮತ್ತು ಫೋಟಾನ್ ಪ್ರತಿ ಬಿಂದುವನ್ನೂ ಒಂಟಿಯಾಗಿ ನೋಡುವುದರಿಂದ, ನೇರವಾಗಿ ಸಾಗಿದ ವಾಹನವು ಎರಡು ರಸ್ತೆಗಳ ನಡುವೆ ಜಿಗಿಯುತ್ತಿರುವಂತೆ ವರದಿಯಾಯಿತು. ಹೆಸರುಗಳು ಹೀಗೆ ಒಂದಾದ ಮೇಲೊಂದು ಅದಲುಬದಲಾಗುವುದೇ ಈ ದೋಷದ ಗುರುತು. ಓಎಸ್‌ಆರ್‌ಎಂನ `match` ಸೇವೆ ಬಿಂದುಗಳ ಸಾಲನ್ನು ಒಟ್ಟಿಗೆ ತೆಗೆದುಕೊಂಡು, ಒಂದರಿಂದ ಇನ್ನೊಂದಕ್ಕೆ ರಸ್ತೆಯ ಮೇಲೆ ಹೋಗಲು ಸಾಧ್ಯವೇ ಎಂಬುದನ್ನೂ ಪರಿಗಣಿಸುತ್ತದೆ. ಅದು ಇಡೀ ಭಾಗವನ್ನು ಹೆದ್ದಾರಿಯ ಮೇಲೆಯೇ ಉಳಿಸಿತು. ಅಲ್ಲಿ ರೇಖಾಂಶವನ್ನು ಮೊದಲು ಬರೆಯಬೇಕು. ತೀರಾ ದೂರ ಸಿಡಿದ ಬಿಂದುವಿಗೆ ಹೆಸರಿನ ಬದಲು `null` ಬರುತ್ತದೆ. ತಪ್ಪು ಹೆಸರಿಗಿಂತ ಅದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಓಎಸ್‌ಆರ್‌ಎಂ ಬಡಾವಣೆಯ ಹೆಸರನ್ನು ಕೊಡುವುದಿಲ್ಲ. ಅದನ್ನು ನೋಮಿನಾಟಿಮ್‌ನಿಂದ ಪಡೆಯಬಹುದಾದರೂ, ನಕ್ಷೆಯಲ್ಲಿ ಎಷ್ಟೋ ಬಡಾವಣೆಗಳು ಗಡಿಯಿಲ್ಲದೆ ಒಂದೇ ಚುಕ್ಕೆಯಾಗಿ ದಾಖಲಾಗಿವೆ. ಅಂಥಲ್ಲಿ ಸಮೀಪದ ಚುಕ್ಕೆಯ ಹೆಸರೇ ಬರುವುದರಿಂದ, ದೊಡ್ಡ ಬಡಾವಣೆಯ ಅಂಚಿನಲ್ಲಿರುವ ಬೀದಿ ಪಕ್ಕದ ಸಣ್ಣ ಬಡಾವಣೆಗೆ ಸೇರಿಹೋಗುತ್ತದೆ. ಹೀಗೆ ತಪ್ಪುತ್ತಿದ್ದ ಬಡಾವಣೆಗಳ ಗಡಿಗಳನ್ನು ನಾನೇ ಗುರುತಿಸಿ, ಬಿಂದು ಅವುಗಳೊಳಗೆ ಇದೆಯೇ ಎಂದು ಪೋಸ್ಟ್‌ಜಿಐಎಸ್ ದತ್ತಸಂಚಯದಲ್ಲಿ `ST_Contains` ಮೂಲಕ ಮೊದಲು ಪರಿಶೀಲಿಸುತ್ತೇನೆ.

ಈಗ ಚಲಿಸುವ ವಾಹನದ ಬೀದಿಗೆ ಓಎಸ್‌ಆರ್‌ಎಂ, ನಿಂತ ವಾಹನಕ್ಕೆ ನೋಮಿನಾಟಿಮ್ ಬಳಸುತ್ತಿದ್ದೇನೆ. ನೋಮಿನಾಟಿಮ್‌ನ ಸಾರ್ವಜನಿಕ ಸರ್ವರ್ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ವಿನಂತಿಗಳಿಗೆ ಅವಕಾಶ ಕೊಡುವುದಿಲ್ಲ. 30 ವಾಹನಗಳು 10 ಸೆಕೆಂಡಿಗೊಮ್ಮೆ ಬಿಂದು ಕಳುಹಿಸಿದರೆ ಸೆಕೆಂಡಿಗೆ ಮೂರಾಗುತ್ತವೆ. ಸ್ವಂತ ಸರ್ವರ್ ಇಟ್ಟುಕೊಂಡದ್ದು ಅದಕ್ಕಾಗಿಯೇ.